‘ಬಾಜುದಾರರಾದ ತಾವು’: ಹದ್ದುಬಸ್ತು ನೋಟಿಸನ್ನು ಅಮ್ಮನ ಮಾತಿಗೆ ತಂದ ಬಗೆ

ಸರ್ಕಾರಿ ನೋಟಿಸಿನ ಭಾಷೆ ಮುಟ್ಟಬಾರದು, ಒಂದು ಪದ ಬದಲಾದರೂ ಅರ್ಥ ಕೆಡುತ್ತದೆ ಎಂದು ನಮ್ಮ ಕಡೆಯ ವಕೀಲರೂ ಪತ್ರ ಬರೆಯುವವರೂ ಹೇಳುತ್ತಲೇ ಬಂದರು. ನಾನು ಬದಲಿಸಿದೆ. ಮನೆಯವರು, ನೆಂಟರು, ಬೀದಿಯವರು ಎಲ್ಲ ಸೇರಿ ಇದುವರೆಗೆ ಮೂವತ್ತೈದು ನಲವತ್ತು ನೋಟಿಸುಗಳಾಗಿರಬಹುದು. ಕೊನೆಯ ಹದಿನೈದರಲ್ಲಿ ಒಬ್ಬರೂ ದಿನ ತಪ್ಪಿಸಿಲ್ಲ, ಒಬ್ಬರೂ ತಪ್ಪು ಕಾಗದ ಹಿಡಿದು ಹೋಗಿಲ್ಲ. ಮೊದಲ ಇಪ್ಪತ್ತು ಅಷ್ಟು ಚೆನ್ನಾಗಿ ನಡೆಯಲಿಲ್ಲ, ಅದನ್ನೂ ಬರೆಯುತ್ತೇನೆ.

ಪಿಂಚಣಿ, ಖಾತೆ, ತೆರಿಗೆ ಎಲ್ಲದರ ನೋಟಿಸೂ ಬಂದಿವೆ. ಇಲ್ಲಿ ಒಂದನ್ನೇ ಹಿಡಿಯುತ್ತೇನೆ. ಪಕ್ಕದ ಜಮೀನಿನವರು ಹದ್ದುಬಸ್ತಿಗೆ, ಅಂದರೆ ಅಳತೆ ಮಾಡಿಸಿ ಗಡಿ ಗುರುತಿಸಿಕೊಳ್ಳಲು, ಅರ್ಜಿ ಹಾಕಿದಾಗ ಸರ್ವೆ ಕಡೆಯಿಂದ ನಮಗೆ ಬರುವ ಕಾಗದ ಅದು. ಹೆದರಿಕೆ ಹೆಚ್ಚು ಹುಟ್ಟಿಸುವುದು ಇದೇ, ಯಾಕೆಂದರೆ ಜಮೀನಿನ ವಿಷಯ. ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ:

“ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಗ್ರಾಮದ ಸರ್ವೆ ನಂಬರ್ 84/2ರ 1 ಎಕರೆ 12 ಗುಂಟೆ ಜಮೀನಿನ ಹದ್ದುಬಸ್ತು ಅಳತೆ ಕಾರ್ಯವನ್ನು ದಿನಾಂಕ 14-02-2024ರಂದು ಬೆಳಿಗ್ಗೆ 10-30 ಗಂಟೆಗೆ ಕೈಗೊಳ್ಳಲು ಉದ್ದೇಶಿಸಲಾಗಿದ್ದು, ಬಾಜುದಾರರಾದ ತಾವು ಸದರಿ ದಿನದಂದು ಸಂಬಂಧಪಟ್ಟ ದಾಖಲೆಗಳೊಂದಿಗೆ ಖುದ್ದು ಹಾಜರಿದ್ದು, ತಮ್ಮ ಗಡಿಯನ್ನು ತೋರಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ತಕರಾರು ಏನೂ ಇರುವುದಿಲ್ಲವೆಂದು ಭಾವಿಸಿ, ಲಭ್ಯ ದಾಖಲೆಗಳ ಆಧಾರದ ಮೇಲೆ ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು.”

ಇದನ್ನು ಇದ್ದ ಹಾಗೇ ಓದಿ ಹೇಳಿದರೆ ಅಮ್ಮನ ಕಿವಿಗೆ ಬೀಳುವುದು ಬೇರೆಯೇ. ‘ತಪ್ಪಿದಲ್ಲಿ’ ಅಂದಾಗ ಅವರಿಗೆ ಕೇಳಿಸುವುದು ‘ತಪ್ಪು’. ನಾವೇನು ತಪ್ಪು ಮಾಡಿದೆವು ಎಂಬುದೇ ಮೊದಲ ಪ್ರಶ್ನೆ. ಅದರ ಹಿಂದೆಯೇ ‘ಕ್ರಮ ಕೈಗೊಳ್ಳಲಾಗುವುದು’ ಬಂದರೆ ಮುಗಿಯಿತು, ಕ್ರಮ ಅಂದರೆ ಪೊಲೀಸು ಎಂದೇ ಲೆಕ್ಕ. ‘ತಮ್ಮ ಗಡಿಯನ್ನು ತೋರಿಸತಕ್ಕದ್ದು’ ಎಂಬುದನ್ನು, ತನ್ನ ತಮ್ಮ ಬಂದು ಗಡಿ ತೋರಿಸಬೇಕಂತೆ ಎಂದು ಹಿಡಿದವರಿದ್ದಾರೆ. ಕಿವಿಯಲ್ಲಿ ಕೇಳಿದರೆ ವ್ಯಾಕರಣವೂ ಅದಕ್ಕೆ ಅಡ್ಡಿ ಬರುವುದಿಲ್ಲ ನೋಡಿ. ಜಮೀನಿನಲ್ಲಿ ತಮ್ಮನಿಗೂ ಪಾಲಿದ್ದ ಮನೆಯಲ್ಲಿ ಈ ಒಂದು ಪದದಿಂದ ಎರಡು ದಿನ ಹಾಳಾಯಿತು. ಅಂದಿನಿಂದ ‘ತಮ್ಮ’ ಎಂಬ ಪದ, ನೋಟಿಸಿನ ಜೊತೆಗೆ ಮನೆಯವರಿಗೆ ನಾನು ಬರೆದುಕೊಡುವ ಚೀಟಿಯಲ್ಲಿ ಬರುವುದೇ ಇಲ್ಲ.

ಮೊದಮೊದಲು ಪದಕ್ಕೆ ಪದ ಇಟ್ಟು ಬದಲಿಸುತ್ತಿದ್ದೆ. ‘ಸದರಿ’ಗೆ ‘ಈ ಮೇಲೆ ಹೇಳಿದ’, ‘ಖುದ್ದು’ಗೆ ‘ಸ್ವತಃ’. ಕಾಗದ ಉದ್ದವಾಯಿತೇ ಹೊರತು ತಿಳಿಯಲಿಲ್ಲ. ಕಷ್ಟ ಕೊಡುವ ಪದ ಯಾವುದು ಎಂಬುದನ್ನೇ ನಾನು ತಪ್ಪಾಗಿ ಎಣಿಸಿದ್ದೆ. ತಕರಾರು, ಪಹಣಿ, ಖಾತೆ, ಗುಂಟೆ, ಹದ್ದು, ಇವೆಲ್ಲ ಹಿರಿಯರ ನಾಲಿಗೆಯ ಮೇಲೇ ಇರುವ ಮಾತುಗಳು. ಅವನ್ನು ತೆಗೆದು ಆಕ್ಷೇಪಣೆ, ವಿಸ್ತೀರ್ಣ, ಸೀಮೆ ಎಂದು ಇಟ್ಟರೆ ತಿಳಿದಿದ್ದೂ ಮಸುಕಾಗುತ್ತದೆ. ಹಳೆಯ ಕಂದಾಯದ ಮಾತನ್ನು ಮುಟ್ಟಬೇಡಿ. ತೊಡಕಿರುವುದು ಭಾವಿಸಿ, ಲಭ್ಯ, ನಿಯಮಾನುಸಾರ, ಉದ್ದೇಶಿಸಲಾಗಿದೆ ಎಂಬಂಥವುಗಳಲ್ಲಿ. ಹುದ್ದೆಯ ಹೆಸರಿಗೂ ಇದೇ ಮಾತು. ಗ್ರಾಮ ಲೆಕ್ಕಿಗ ಹೋಗಿ ಈಗ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ, ಅಮ್ಮನಿಗೆ ಮಾತ್ರ ಅವರು ಇವತ್ತಿಗೂ ಶಾನುಭೋಗರು. ಬಾಯಲ್ಲಿ ಹೇಳುವಾಗ ಶಾನುಭೋಗರು ಅನ್ನುತ್ತೇನೆ, ಚೀಟಿಯಲ್ಲಿ ಈಗಿನ ಹೆಸರು ಬರೆಯುತ್ತೇನೆ. ಕಚೇರಿ ಬಾಗಿಲಲ್ಲಿ ಯಾರನ್ನು ಕೇಳಬೇಕು ಎಂದು ತಿಳಿಯಬೇಕಲ್ಲ.

ದಾರಿ ಸಿಕ್ಕಿದ್ದು ಪದ ಬಿಟ್ಟು ಕ್ರಿಯಾಪದದ ಬಾಲ ಹಿಡಿದಾಗ. ‘-ತಕ್ಕದ್ದು’ ಎಂದಿದ್ದರೆ ಅದು ನಾವು ಮಾಡಬೇಕಾದ್ದು. ‘-ಲಾಗುವುದು’, ‘-ಲಾಗಿದೆ’ ಎಂದಿದ್ದರೆ ಕಚೇರಿಯವರು ಮಾಡುವುದು. ‘-ದಲ್ಲಿ’ ಎಂದಿದ್ದರೆ ಅದು ‘ಹಂಗಾದ್ರೆ’. ಜೆರಾಕ್ಸ್ ಪ್ರತಿಯ ಮೇಲೆ ಮೊದಲನೆಯದಕ್ಕೆ ಕೆಂಪು ಗೆರೆ, ಎರಡನೆಯದಕ್ಕೆ ನೀಲಿ ಗೆರೆ, ಮೂರನೆಯದಕ್ಕೆ ಸುತ್ತು. ಅಸಲಿನ ಮೇಲೆ ಎಂದೂ ಗೆರೆ ಎಳೆಯಬೇಡಿ. ಮೇಲಿನ ನೋಟಿಸಿನಲ್ಲಿ ಕೆಂಪು ಬೀಳುವುದು ‘ತೋರಿಸತಕ್ಕದ್ದು’ ಎಂಬ ಒಂದೇ ಕಡೆ. ‘ಹಾಜರಿದ್ದು’ ಅದರ ಬೆನ್ನಿಗೇ ಇದೆ. ಅಷ್ಟುದ್ದದ ಕಾಗದದಲ್ಲಿ ಅಮ್ಮ ಮಾಡಬೇಕಾದ್ದು ದಾಖಲೆ ಹಿಡಿದು ಹೋಗಿ ನಿಂತು ಗಡಿ ತೋರಿಸುವುದು, ಅಷ್ಟೇ. ನೀಲಿ ಬಿದ್ದ ಕಡೆಯಲ್ಲೆಲ್ಲ ‘ಯಾರು?’ ಎಂದು ಕೇಳಿ ಹೆಸರು ತುಂಬಬೇಕು. ನೋಟಿಸಿನಲ್ಲಿ ಮಾಡುವವರೇ ಇರುವುದಿಲ್ಲ, ಎಲ್ಲವೂ ತಾನಾಗಿ ಆಗುತ್ತದೆ. ಆಡುಮಾತಿನಲ್ಲಿ ಹಾಗೆ ನಡೆಯುವುದಿಲ್ಲ. ‘ಅಳತೆ ಕೈಗೊಳ್ಳಲಾಗುವುದು’ ಎಂಬುದು ‘ಸರ್ವೇರು ಬಂದು ಅಳೀತಾರೆ’ ಎಂದಾದ ಕೂಡಲೇ ಅರ್ಧ ಭಯ ಇಳಿಯುತ್ತದೆ.

ಎರಡನೆಯ ದೊಡ್ಡ ಸೋಲು ಹಣ ತಿಂದಿತು. ಭಯ ಕಳೆಯಲಿ ಎಂದು ಚೀಟಿಯ ತಲೆಯಲ್ಲೇ ‘ಜೈಲಿಲ್ಲ, ದಂಡವಿಲ್ಲ, ಪಕ್ಕದವರ ಅಳತೆ ಅಷ್ಟೇ’ ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದೆ. ಹಾಗಾದರೆ ನಮಗೇನು ಎಂದು ಓದಿದವರು ಹೋಗಲೇ ಇಲ್ಲ. ಅಳತೆ ಮುಗಿದು ಕಲ್ಲು ಬಿದ್ದ ಮೇಲೆ ತೆವರಿ, ಅಂದರೆ ನಡುವಿನ ಬದು, ಒಂದೆರಡು ಅಡಿ ಒಳಗೆ ಬಂದಿದೆ ಎಂದು ತಕರಾರು ಎದ್ದಿತು. ಮತ್ತೆ ನಾವೇ ಅರ್ಜಿ, ಶುಲ್ಕ, ಓಡಾಟ, ಕಲ್ಲು, ಆಳು ಎಂದು ಸುಮಾರು ನಾಲ್ಕು ಸಾವಿರ ಕೈಬಿಟ್ಟಿತು. ಅಂದಿನಿಂದ ಭಯ ಇಳಿಸುವ ಮಾತಿನ ಪಕ್ಕದಲ್ಲೇ, ಉಸಿರು ಬಿಡುವ ಮೊದಲೇ, ಹೋಗದಿದ್ದರೆ ಏನು ಕಳೆದುಕೊಳ್ಳುತ್ತೇವೆ ಎಂಬುದೂ ಇರಬೇಕು ಎಂದು ಇಟ್ಟುಕೊಂಡಿದ್ದೇನೆ. ದಂಡವಿಲ್ಲ ಎಂದು ಹೇಳುವುದೂ ಆ ಕಾಗದದಲ್ಲಿ ದಂಡದ ಮಾತು ನಿಜವಾಗಿ ಇಲ್ಲದಿದ್ದರೆ ಮಾತ್ರ.

ಕೊನೆಗೆ ನಿಂತ ರೂಪ ಇದು. ಮಂಡ್ಯ ಕಡೆಯ ಮಾತು, ಖಾತೆ ಅಮ್ಮನ ಹೆಸರಿನಲ್ಲಿದೆ:

“ಅಮ್ಮ, ಇದು ನಮ್ಮ ಹೊಲ ಅಳಿಯಕ್ಕೆ ಬಂದಿರೋ ಕಾಗ್ದ ಅಲ್ಲ. ಪಕ್ಕದ ಹೊಲದೋರು ಅವರ ಹೊಲ ಅಳೆಸ್ತಾವ್ರೆ. ಬರೋ ಬುಧವಾರ, ರಥಸಪ್ತಮಿಗೆ ಎರಡು ದಿನ ಮುಂಚೆ, ಹತ್ತೂವರೆಗೆ ಸರ್ವೇರು ಹೊಲದ ಹತ್ರಕ್ಕೇ ಬತ್ತಾರೆ. ನೀನು ಹೋಗಿ ನಿಂತ್ಕೊಂಡು ನಡುವಿನ ತೆವರಿ ಎಲ್ಲದೆ, ಬಾಂದು ಕಲ್ಲು ಎಲ್ಲದೆ ಅಂತ ತೋರಿಸ್ಬೇಕು. ಹೋಗ್ನಿಲ್ಲ ಅಂದ್ರೆ ಯಾರೂ ಹಿಡ್ಕಂಡು ಹೋಗಲ್ಲ. ಆದ್ರೆ ನಿನ್ದೇನೂ ತಕರಾರಿಲ್ಲ ಅಂದ್ಕೊಂಡು ಅಳೆದು ಕಲ್ಲು ಹಾಕ್ಬುಡ್ತಾರೆ, ಆಮೇಲೆ ಕೇಳಕ್ಕೆ ಕಷ್ಟ. ಪಹಣಿ, ನಕ್ಷೆ, ಆಧಾರು ಚೀಲದಲ್ಲಿ ಇಟ್ಟಿವ್ನಿ.”

ಹೇಳಿ ಮುಗಿಸಲು ನಲವತ್ತು ಸೆಕೆಂಡು ಸಾಕು. ದಿನಾಂಕವನ್ನು ಅಂಕಿಯಲ್ಲಿ ಹೇಳಿದರೆ ನಿಲ್ಲುವುದಿಲ್ಲ, ವಾರವನ್ನೂ ಹಬ್ಬವನ್ನೂ ಕಟ್ಟಬೇಕು. 2024ರ ಫೆಬ್ರುವರಿ 14 ಬುಧವಾರ, ರಥಸಪ್ತಮಿ 16ಕ್ಕೆ ಎಂದು ಗೋಡೆಯ ಕ್ಯಾಲೆಂಡರಿನಲ್ಲೇ ಸಿಗುತ್ತದೆ. ನೋಟಿಸಿನಲ್ಲಿ ವಾರ ಹೆಚ್ಚಾಗಿ ಬರೆದಿರುವುದಿಲ್ಲ, ಹಾಕಿಕೊಳ್ಳುವುದು ನಮ್ಮ ಕೆಲಸ. ಒಮ್ಮೆ ವಾರ ತಪ್ಪು ಹಾಕಿ ಆಟೋಗೆ ನಾನೂರು ರೂಪಾಯಿ ದಂಡವಾಗಿದೆ, ಆದ್ದರಿಂದ ಈಗ ಎರಡು ಕ್ಯಾಲೆಂಡರ್ ನೋಡುತ್ತೇನೆ.

ನಡುವೆ ಮಾಡಿ ನೋಡಿದ ಬೇರೆ ಪ್ರಯೋಗಗಳೂ ಇವೆ. ಆಡುಮಾತನ್ನೇ ಹಾಗೇ ಬರೆದುಕೊಟ್ಟರೆ ಓದಲು ಸಲೀಸು ಎಂದುಕೊಂಡಿದ್ದೆ. ತಿರುಗುಮುರುಗಾಯಿತು. ಏಳನೇ ಕ್ಲಾಸು ಓದಿದ ಅಪ್ಪ ‘ಬರುತ್ತಾರೆ’ ಎಂಬುದನ್ನು ಕಣ್ಣಲ್ಲೇ ಓದುತ್ತಾರೆ, ‘ಬತ್ತಾರೆ’ ಎಂದು ಬರೆದಿದ್ದರೆ ಅಕ್ಷರ ಕೂಡಿಸುತ್ತ ಎಡವುತ್ತಾರೆ. ಶಾಲೆಯಲ್ಲಿ ಕಣ್ಣು ಕಲಿತದ್ದು ಪುಸ್ತಕದ ಕನ್ನಡ, ಬಾಯಿ ಮನೆಯಲ್ಲಿ ಕಲಿತದ್ದು ಬೇರೆ. ಈಗ ಬಾಯಲ್ಲಿ ಹೇಳುವುದು ಮಂಡ್ಯದ ಮಾತು, ಚೀಟಿಯಲ್ಲಿ ಬರೆಯುವುದು ಸರಳ ಪುಸ್ತಕದ ಕನ್ನಡ. ಚೀಟಿಗೆ ಇಪ್ಪತ್ತೆರಡು ಪಾಯಿಂಟಿನ ಅಕ್ಷರ, ಸಾಲಿಗೆ ಐದಾರು ಪದ. ಪ್ರಿಂಟು ಹತ್ತು ರೂಪಾಯಿ ಆಗುತ್ತದೆ. ವಾಟ್ಸಾಪಿನಲ್ಲಿ ದನಿ ಕಳಿಸಿಯೂ ನೋಡಿದೆ. ಕೇಳುತ್ತಾರೆ, ಆದರೆ ಎರಡು ದಿನದಲ್ಲಿ ಅದು ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಹಿಂದಿನ ಸಂಜೆ ಮತ್ತೆ ಕಳಿಸಿದರೆ ಮಾತ್ರ ಉಪಯೋಗ.

‘ಅರ್ಥ ಆಯ್ತಾ’ ಎಂದು ಕೇಳುವುದನ್ನು ಬಿಟ್ಟುಬಿಡಿ. ಮಕ್ಕಳ ಮುಂದೆ ‘ಹೂಂ’ ಅನ್ನದ ತಂದೆತಾಯಿ ಇಲ್ಲ. ನಾನು ಮಾಡುವುದು ಹೀಗೆ: ಎರಡು ಸಲ ಹೇಳಿ, ಕಾಗದ ಒಳಗಿಟ್ಟು, ‘ಅಕ್ಕನಿಗೆ ಫೋನು ಮಾಡಿ ನೀನೇ ಹೇಳು’ ಎಂದು ಪಕ್ಕದಲ್ಲಿ ಕೂರುತ್ತೇನೆ. ಯಾರ ಹೊಲ, ಯಾವತ್ತು, ಎಲ್ಲಿಗೆ, ಏನು ಮಾಡಬೇಕು, ಹೋಗದಿದ್ದರೆ ಏನು, ಈ ಐದೂ ಬಂದರೆ ಆಯಿತು. ಹೆಚ್ಚಾಗಿ ಬಿಟ್ಟುಹೋಗುವುದು ‘ಎಲ್ಲಿಗೆ’. ನೋಟಿಸು ಅಂದ ಕೂಡಲೇ ತಾಲ್ಲೂಕು ಕಚೇರಿಗೇ ಹೋಗಬೇಕು ಎಂಬುದು ಅವರ ಮನಸ್ಸಿನಲ್ಲಿ ಕೂತಿದೆ. ಅದಕ್ಕೇ ಮೇಲಿನ ಮಾತಿನಲ್ಲಿ ‘ಹೊಲದ ಹತ್ರಕ್ಕೇ’ ಎಂದು ಒತ್ತಿದ್ದು. ಅಮ್ಮ ಮರೆಯದ ಹಾಗೆ ಈ ಐದನ್ನೂ ನಾನು ಒಂದು ಕ್ರಮದಲ್ಲಿ ಕಟ್ಟುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಒಬ್ಬೊಬ್ಬರ ಮನೆಯ ಮಾತಿಗೆ ಒಂದೊಂದು ಥರ ಕೂರುತ್ತದೆ, ನಿಮ್ಮದನ್ನು ನೀವೇ ಹುಡುಕಿಕೊಳ್ಳಬೇಕು.

ಸಹಿಯ ವಿಷಯ ಬೇರೆಯಾಗಿಯೇ ಹೇಳಬೇಕು. ನೋಟಿಸು ತಂದವರು ಸಹಿ ಕೇಳಿದರೆ ಅದು ಕಾಗದ ಮುಟ್ಟಿತು ಎಂಬುದಕ್ಕಷ್ಟೇ. ಒಪ್ಪಿಕೊಂಡ ಹಾಗೆ ಆಗುತ್ತದೆ ಎಂದು ಹೆದರಿ ಬೇಡವೆಂದರೆ, ಬಾಗಿಲಿಗೆ ಅಂಟಿಸಿ ಪಂಚರ ಸಹಿ ತೆಗೆದುಕೊಂಡು ಹೋಗಬಹುದು. ನಮಗೆ ಲಾಭವೇನೂ ಇಲ್ಲ. ಸಹಿಯ ಪಕ್ಕದಲ್ಲಿ ಆ ದಿನದ ತಾರೀಕು ಹಾಕಲು ಮಾತ್ರ ಹೇಳಿಕೊಡಿ. ಅಳತೆಯ ದಿನ ಹೊಲದಲ್ಲಿ ಕೇಳುವ ಸಹಿ ಹಾಗಲ್ಲ, ಅದು ಹೇಳಿಕೆಗೆ ಅಥವಾ ಮಹಜರಿಗೆ. ಓದಿಸಿ ಕೇಳದೆ ಹಾಕಬಾರದು. ಅಮ್ಮನಿಗೆ ಹೇಳಿಕೊಟ್ಟದ್ದು ಎರಡೇ ವಾಕ್ಯ: ‘ಮನೇಲಿ ಕೇಳಿದ್ರೆ ಹಾಕು. ಹೊಲ್ದಲ್ಲಿ ಕೇಳಿದ್ರೆ ಫೋನು ಮಾಡು.’

ಈ ವಿಧಾನ ಎಲ್ಲ ಕಾಗದಕ್ಕೂ ನಡೆಯುವುದಿಲ್ಲ. ಸಿವಿಲ್ ಕೋರ್ಟಿನ ಸಮನ್ಸು, ಉಪವಿಭಾಗಾಧಿಕಾರಿಗಳ ಮುಂದಿನ ಮೇಲ್ಮನವಿಯ ನೋಟಿಸು ಬಂದರೆ ನಾನು ದಿನ, ಸ್ಥಳ ಎರಡನ್ನೇ ಬಿಡಿಸಿ ಹೇಳಿ ಉಳಿದದ್ದನ್ನು ವಕೀಲರಿಗೆ ಬಿಡುತ್ತೇನೆ. ಪತ್ರ ಬರೆಯುವವರು ಮುನ್ನೂರರಿಂದ ಐನೂರು ತೆಗೆದುಕೊಂಡು ಓದಿ ಹೇಳುತ್ತಿದ್ದದ್ದು ಈಗ ಜೆರಾಕ್ಸು, ಪ್ರಿಂಟು ಸೇರಿ ಹದಿನೈದು ರೂಪಾಯಿಗೆ ಮುಗಿಯುತ್ತದೆ ಎಂಬುದು ನಿಜ. ಆ ಉಳಿತಾಯಕ್ಕೆ ಆಸೆಪಟ್ಟು ಮೇಲ್ಮನವಿಯಂಥದ್ದಕ್ಕೆ ಕೈ ಹಾಕಬೇಡಿ.

ಚೀಟಿಯನ್ನು ಅಸಲಿನ ಹಿಂದೆ ಪಿನ್ ಹೊಡೆದು ಪ್ಲಾಸ್ಟಿಕ್ ಕವರಿನಲ್ಲಿ ಇಡಿ, ಅಸಲಿನ ಮುಖ ಹೊರಗೆ ಕಾಣಬೇಕು. ಒಮ್ಮೆ ಚೀಟಿಯನ್ನೇ ನೋಟಿಸು ಎಂದು ತೋರಿಸಿ ಬೈಸಿಕೊಂಡದ್ದಾಗಿದೆ. ಅದಾದ ಮೇಲೆ ಚೀಟಿಯ ತಲೆಯಲ್ಲಿ ದಪ್ಪಕ್ಷರದಲ್ಲಿ ಬರೆಯುತ್ತೇನೆ: ‘ಇದು ಮನೆಯವರಿಗೆ. ಸಾಹೇಬರಿಗೆ ಇದರ ಜೊತೆಗಿರುವ ಅಸಲು ಕಾಗದ ಕೊಡಿ.’