ರಾತ್ರಿಯ ದತ್ತಾಂಶ ಕಳವನ್ನು ಹಿಡಿಯುವ ಎಚ್ಚರಿಕೆ ಮಿತಿ: ಹಾಕುವುದು ಹೇಗೆ, ಕಳ್ಳರು ಅದನ್ನು ದಾಟುವುದು ಹೇಗೆ

ಜಾಲದೊಳಗೆ ನುಸುಳಿದವನನ್ನು ಹಿಡಿಯಲು ಎರಡು ದಾರಿಗಳಿವೆ. ಗೊತ್ತಿರುವ ದಾಳಿಗಳ ಗುರುತುಗಳನ್ನು ಹುಡುಕುವುದು ಒಂದು. ನಿತ್ಯದ ವರ್ತನೆಯನ್ನು ಅಳೆದಿಟ್ಟುಕೊಂಡು, ಅದರಿಂದ ದೂರ ಸರಿದದ್ದನ್ನು ಪ್ರಶ್ನಿಸುವುದು ಇನ್ನೊಂದು. ಕಂಪ್ಯೂಟರ್ ವಿಜ್ಞಾನಿ ಡೊರೋತಿ ಡೆನ್ನಿಂಗ್ 1987ರ ಪ್ರಬಂಧದಲ್ಲಿ ವಿವರಿಸಿದ ಈ ಎರಡನೆಯ ದಾರಿಯಲ್ಲಿ ಹೆಚ್ಚಿನವರು ಎಡವುವುದು ‘ನಿತ್ಯದ ವರ್ತನೆ’ಯನ್ನು ಲೆಕ್ಕ ಹಾಕುವ ಹಂತದಲ್ಲಿಯೇ.

ಮೊದಲು ಒಂದೇ ಅಳತೆಯನ್ನು ಆರಿಸಿಕೊಳ್ಳಿ. ಕಡತಗಳನ್ನಿಟ್ಟ ಒಂದು ಸರ್ವರ್‌ನಿಂದ ರಾತ್ರಿ ಹೊರಜಾಲಕ್ಕೆ ಎಷ್ಟು ಎಂಬಿ ದತ್ತಾಂಶ ಹೋಗುತ್ತದೆ ಎಂಬುದು ಸಾಕು. ಫೈರ್‌ವಾಲ್‌ನ ಲಾಗ್‌ನಿಂದ ಆ ಅಂಕಿಗಳನ್ನು ತೆಗೆಯುವುದು ಸುಲಭದ ಕೆಲಸ.

ಕಷ್ಟದ್ದು ಮುಂದಿನದು. ಏಳು ರಾತ್ರಿಗಳ ಅಂಕಿಗಳು 210, 195, 220, 205, 200, 215 ಮತ್ತು 9,000 ಎಂದುಕೊಳ್ಳಿ. ಕೊನೆಯ ರಾತ್ರಿ ಹಳೆಯ ಕಡತಗಳನ್ನು ಬೇರೆಡೆಗೆ ಸಾಗಿಸಲಾಗಿತ್ತು. ಸರಾಸರಿಗೆ ಮಾನಕ ವಿಚಲನೆಯ ಮೂರು ಪಟ್ಟು ಸೇರಿಸಿ ಮಿತಿ ಹಾಕುವುದು ರೂಢಿ. ಇಲ್ಲಿ ಸರಾಸರಿ ಸುಮಾರು 1,464ಕ್ಕೆ ಏರುತ್ತದೆ, ಮಿತಿ 10,000 ಎಂಬಿಯನ್ನೂ ಮೀರುತ್ತದೆ. ಅಂದರೆ ಆ ಒಂದು ರಾತ್ರಿಯ ಅಂಕಿ ಮಿತಿಯನ್ನು ಎಷ್ಟು ಹಿಗ್ಗಿಸುತ್ತದೆಯೆಂದರೆ, ಮರುದಿನ ಯಾರಾದರೂ 9,000 ಎಂಬಿ ಕದ್ದರೂ ಎಚ್ಚರಿಕೆ ಮೊಳಗುವುದಿಲ್ಲ. ಆದ್ದರಿಂದ ಸರಾಸರಿಯನ್ನು ಬಿಟ್ಟು ಮಧ್ಯಾಂಕವನ್ನೇ ಬಳಸಿ. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ನಡುವಿನದು 210. ಪ್ರತಿ ಅಂಕಿಯೂ 210ರಿಂದ ಎಷ್ಟು ದೂರವಿದೆ ಎಂದು ಬರೆದುಕೊಂಡು, ಆ ದೂರಗಳನ್ನೂ ಜೋಡಿಸಿದರೆ ನಡುವೆ ಬರುವುದು 10. ಕೆಳಗಿನ ಸೂತ್ರದಲ್ಲಿ ಇದೇ `MAD`.

```
limit = median + 5 × 1.4826 × MAD
      = 210 + 5 × 1.4826 × 10 ≈ 284
```

1.4826 ಎಂಬ ಗುಣಕವು ಆ ದೂರವನ್ನು ಮಾನಕ ವಿಚಲನೆಯ ಅಳತೆಗೆ ತರುತ್ತದೆ. ಐದು ಪಟ್ಟು ಎಂಬುದು ನನ್ನ ಆಯ್ಕೆ: ಮೂರು ಪಟ್ಟಿಗೆ ಇಳಿಸಿದರೆ ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ, ಬೇಸತ್ತ ಸಿಬ್ಬಂದಿ ಕೆಲವೇ ದಿನಗಳಲ್ಲಿ ಅವನ್ನು ತೆರೆದು ನೋಡುವುದನ್ನೇ ಬಿಡುತ್ತಾರೆ. ಏಳು ರಾತ್ರಿಗಳು ಉದಾಹರಣೆಗೆ ಮಾತ್ರ. ನಿಜವಾದ ಲೆಕ್ಕಕ್ಕೆ ಕೆಲವು ವಾರಗಳ ಅಂಕಿಗಳು ಬೇಕು, ರಜಾದಿನಗಳನ್ನು ಪ್ರತ್ಯೇಕವಾಗಿ ಎಣಿಸಬೇಕು. ‘ಒಂದೇ ದಿನದಲ್ಲಿ ಎಲ್ಲವನ್ನೂ ತಾನೇ ಕಲಿಯುತ್ತದೆ’ ಎಂದು ಮಾರುವ ಉಪಕರಣಗಳಿಂದ ದೂರವಿರಿ. ಅಳವಡಿಸುವ ಮೊದಲೇ ಕಳ್ಳ ಒಳಗಿದ್ದರೆ ಅವು ಅವನ ವರ್ತನೆಯನ್ನೂ ನಿತ್ಯದ್ದೆಂದೇ ಕಲಿಯುತ್ತವೆ.

ಮಿತಿಯನ್ನು ಪ್ರತಿದಿನ ಹಿಂದಿನ ಏಳು ರಾತ್ರಿಗಳಿಂದ ತಾನಾಗಿಯೇ ಲೆಕ್ಕ ಹಾಕಿಸುವುದು ಎಲ್ಲರೂ ಹಿಡಿಯುವ ಅಡ್ಡದಾರಿ, ದಾಳಿಕೋರನಿಗೆ ಬೇಕಾದದ್ದೂ ಅದೇ. ಹೊರಹೋಗುವ ಒಟ್ಟು ಪ್ರಮಾಣ ರಾತ್ರಿಗೆ ಶೇ 3ರಷ್ಟು ಏರುವಂತೆ ಅವನು ಕದಿಯುತ್ತಾ ಹೋದರೆ, ಮಧ್ಯಾಂಕವೂ ಅವನ ಹಿಂದೆಯೇ ಏರುತ್ತದೆ. ಇಂದಿನ ಅಂಕಿ ಆ ಮಧ್ಯಾಂಕಕ್ಕಿಂತ ಸುಮಾರು ಶೇ 13ರಷ್ಟು ಮಾತ್ರ ಮೇಲಿರುತ್ತದೆ, ಮಿತಿ ಅದಕ್ಕಿಂತ ಬಹಳ ಮೇಲಿರುತ್ತದೆ. 24 ರಾತ್ರಿಗಳಲ್ಲಿ ಪ್ರಮಾಣ ದುಪ್ಪಟ್ಟಾದರೂ ಒಂದು ಎಚ್ಚರಿಕೆಯೂ ಬಂದಿರುವುದಿಲ್ಲ. ಶುದ್ಧವೆಂದು ಖಚಿತಪಡಿಸಿಕೊಂಡ ವಾರಗಳ ಮಿತಿಯನ್ನು ಹಾಗೆಯೇ ಸ್ಥಿರವಾಗಿಟ್ಟಿದ್ದರೆ, 210ರಿಂದ ಹೊರಟ ಇದೇ ಏರಿಕೆ 11ನೆಯ ರಾತ್ರಿ 291 ಎಂಬಿ ತಲುಪಿ ಸಿಕ್ಕಿಬೀಳುತ್ತಿತ್ತು. ಆದ್ದರಿಂದ ಮಿತಿಯನ್ನು ಬದಲಿಸುವ ಅಧಿಕಾರ ಮನುಷ್ಯರ ಕೈಯಲ್ಲಿರಲಿ, ಬದಲಿಸಿದಾಗಲೆಲ್ಲ ಕಾರಣವನ್ನು ಬರೆದಿಡಿ.

ಮಿತಿಯ ಅಂದಾಜು ಸಿಕ್ಕ ದಾಳಿಕೋರ ಪ್ರತಿ ರಾತ್ರಿ 270ರಲ್ಲಿಯೇ ನಿಲ್ಲಬಹುದು. ಅದಕ್ಕೆ ಮದ್ದು ಹೆಚ್ಚುವರಿಯನ್ನು ಕೂಡುತ್ತಾ ಹೋಗುವುದು. ಮಧ್ಯಾಂಕಕ್ಕಿಂತ ತುಸು ಮೇಲಿನ ಒಂದು ಗೆರೆ, ಇಲ್ಲಿ 225, ಇಟ್ಟುಕೊಂಡು ಅದನ್ನು ಮೀರಿದ್ದನ್ನು ರಾತ್ರಿಯಿಂದ ರಾತ್ರಿಗೆ ಸೇರಿಸಿ, ಕಡಿಮೆಯಾದ ರಾತ್ರಿ ಅಷ್ಟನ್ನು ಕಳೆಯಿರಿ, ಮೊತ್ತ ಸೊನ್ನೆಗಿಂತ ಕೆಳಗಿಳಿಯದಿರಲಿ. ಅವನ ಲೆಕ್ಕ 45, 90, 135, 180 ಎಂದು ಬೆಳೆಯುತ್ತದೆ. 150ಕ್ಕೆ ಎಚ್ಚರಿಕೆ ಇಟ್ಟಿದ್ದರೆ ನಾಲ್ಕನೆಯ ರಾತ್ರಿಯೇ ಅವನು ಹೊರಬೀಳುತ್ತಾನೆ.

ರಾತ್ರಿಗೆ 10 ಎಂಬಿ ಮಾತ್ರ ಒಯ್ಯುವವನನ್ನು ಪ್ರಮಾಣದ ಲೆಕ್ಕ ಹಿಡಿಯಲಾರದು, ಪಾಸ್‌ವರ್ಡ್‌ಗಳ ಪಟ್ಟಿಗೆ ಅಷ್ಟೂ ಬೇಕಾಗಿಲ್ಲ. ಆಗ ಕೇಳಬೇಕಾದದ್ದು ದತ್ತಾಂಶ ಎಲ್ಲಿಗೆ ಹೋಯಿತೆಂದು: ಈ ಸರ್ವರ್ ಹಿಂದೆಂದೂ ಸಂಪರ್ಕಿಸದ ವಿಳಾಸವನ್ನು ಮೊದಲ ಬಾರಿ ಸಂಪರ್ಕಿಸಿದರೆ ಅದಕ್ಕೊಂದು ಎಚ್ಚರಿಕೆ ಇರಲಿ. ಅನುಭವಿ ದಾಳಿಕೋರ ಇದನ್ನೂ ಬಲ್ಲ. ಸಂಸ್ಥೆ ನಿತ್ಯ ಬಳಸುವ ಕ್ಲೌಡ್ ಸಂಗ್ರಹಣಾ ಸೇವೆಯಲ್ಲಿಯೇ ತನ್ನದೊಂದು ಖಾತೆ ತೆರೆದು ಅಲ್ಲಿಗೆ ಕಳುಹಿಸುತ್ತಾನೆ. ಆಗ ವಿಳಾಸದಲ್ಲಿ ವ್ಯತ್ಯಾಸವೇ ಇರುವುದಿಲ್ಲ, ಇರುವುದು ಖಾತೆಯಲ್ಲಿ. ಗೂಢಲಿಪೀಕರಿಸಿದ ಸಂಪರ್ಕವನ್ನು ಪ್ರಾಕ್ಸಿ ಬಿಡಿಸಿ ನೋಡದಿದ್ದರೆ ಆ ಖಾತೆಯ ಹೆಸರು ಲಾಗ್‌ನಲ್ಲಿ ದಾಖಲಾಗುವುದೇ ಇಲ್ಲ.