ಅಮಲು ಇಳಿಸುವುದು ಕಾಫಿಯಲ್ಲ, ಗಡಿಯಾರ

ಶನಿವಾರ ರಾತ್ರಿ, ಡೊಂಬಿವಲಿಯ ಒಂದು ಫ್ಲ್ಯಾಟಿನಲ್ಲಿ ಊರಿನವರ ಕೂಟ ಎಂದುಕೊಳ್ಳಿ. ಎಂಟಕ್ಕೆ ಶುರುವಾದ ಕುಡಿತ ಹತ್ತೂವರೆಗೆ ನಿಂತಿದೆ. 70 ಕಿಲೋ ತೂಕದ ಒಬ್ಬರು ವಿಸ್ಕಿಯ ಮೂರು ಲಾರ್ಜ್ ಮುಗಿಸಿದ್ದಾರೆ. ಹನ್ನೆರಡಕ್ಕೆ ತಾವೇ ಕಾರು ಓಡಿಸಿಕೊಂಡು ಮಾಟುಂಗಾಕ್ಕೆ ಹೋಗಬೇಕು. “ಅಣ್ಣನಿಗೆ ಗಟ್ಟಿ ಡಿಕಾಕ್ಷನ್ ಹಾಕಿ ಒಂದು ಲೋಟ ಕಾಫಿ ಕೊಡಿ ಅತ್ತಿಗೆ, ಎಲ್ಲಾ ಇಳಿಯುತ್ತೆ” ಎಂದು ಒಬ್ಬರು. ತಲೆ ಮೇಲೆ ಎರಡು ಬಕೆಟ್ ತಣ್ಣೀರು ಸುರಿಯಿರಿ ಎಂದು ಇನ್ನೊಬ್ಬರು. ಟೆರೇಸಿಗೆ ಕರೆದುಕೊಂಡು ಹೋಗಿ ಗಾಳಿ ಕುಡಿಸಿ ಎಂದು ಮೂರನೆಯವರು. ಮೂವರ ಕಾಳಜಿಯೂ ನಿಜವೇ. ಆದರೆ ಹೇಳಿದ ಮೂರರಲ್ಲಿ ಯಾವುದೂ ಆ ಅಣ್ಣನ ರಕ್ತದೊಳಗಿನ ಮದ್ಯವನ್ನು ಒಂದು ತೊಟ್ಟೂ ಕಡಿಮೆ ಮಾಡುವುದಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಮೊದಲು ಒಂದು ಲೆಕ್ಕ ಹಾಕಬೇಕು.

ಮೊದಲು: ಒಳಗೆ ಹೋದದ್ದು ಎಷ್ಟು?

ಒಂದು ಲಾರ್ಜ್ ಎಂದರೆ 60 ಮಿಲಿ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮುಗಳ ಬಾಟಲಿಯ ಮೇಲೆ ಸಾಮಾನ್ಯವಾಗಿ 42.8% ಎಂದು ಬರೆದಿರುತ್ತದೆ. ಅಂದರೆ 60 ಮಿಲಿಯಲ್ಲಿ ಶುದ್ಧ ಮದ್ಯಸಾರ ಸುಮಾರು 25.7 ಮಿಲಿ. ಮದ್ಯಸಾರ ನೀರಿಗಿಂತ ಹಗುರ, ಆದ್ದರಿಂದ ತೂಕದಲ್ಲಿ ಅದು ಸುಮಾರು 20 ಗ್ರಾಂ. ಮೂರು ಲಾರ್ಜಿಗೆ 61 ಗ್ರಾಂ. ಬಿಯರ್ ಲಘು ಎಂದು ಭಾವಿಸುವವರಿಗೆ ಇಲ್ಲೊಂದು ಮಾತು: 8% ಇರುವ 650 ಮಿಲಿಯ ಸ್ಟ್ರಾಂಗ್ ಬಿಯರ್ ಒಂದು ಬಾಟಲಿಯಲ್ಲಿ 41 ಗ್ರಾಂ ಇದೆ, ಎಂದರೆ ಎರಡು ಲಾರ್ಜ್. ಮನೆಯಲ್ಲಿ ಅಳತೆಯಿಲ್ಲದೆ ಬಗ್ಗಿಸುವ ಪೆಗ್ಗು 60ರಲ್ಲಿ ನಿಲ್ಲುವುದೂ ಅಪರೂಪ.

ಹೊಟ್ಟೆಗೆ ಹೋದ ಮದ್ಯಸಾರ ಮುಖ್ಯವಾಗಿ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರಿ, ಮೈಯ ನೀರಿನಲ್ಲೆಲ್ಲ ಹರಡಿಕೊಳ್ಳುತ್ತದೆ. ಸ್ವೀಡನ್ನಿನ ವಿಡ್ಮಾರ್ಕ್ 1930ರ ದಶಕದಲ್ಲಿ ಕೊಟ್ಟ ಸರಳ ಸೂತ್ರ ಈಗಲೂ ಬಳಕೆಯಲ್ಲಿದೆ: ಗಂಡಸರಲ್ಲಿ ತೂಕದ ಸುಮಾರು 0.7 ಪಾಲಿನಲ್ಲಿ, ಹೆಂಗಸರಲ್ಲಿ ಸುಮಾರು 0.55 ಪಾಲಿನಲ್ಲಿ ಅದು ಹರಡುತ್ತದೆ ಎಂದು ಹಿಡಿಯುವುದು. ನಮ್ಮ ಅಣ್ಣನ 70 ಕಿಲೋಗೆ ಅದು 49. ಈಗ 61 ಗ್ರಾಮನ್ನು 49ರಿಂದ ಭಾಗಿಸಿ. 100 ಮಿಲಿ ರಕ್ತದಲ್ಲಿ ಸುಮಾರು 125 ಮಿಲಿಗ್ರಾಂ ಎಂದಾಯಿತು. ಮೋಟಾರು ವಾಹನ ಕಾಯಿದೆಯ 185ನೇ ಕಲಮಿನ ಮಿತಿ 30 ಮಿಲಿಗ್ರಾಂ. ಅದೇ ಕೂಟದಲ್ಲಿ 55 ಕಿಲೋ ತೂಕದ ಹೆಂಗಸೊಬ್ಬರು ಎರಡೇ ಲಾರ್ಜ್ ಕುಡಿದಿದ್ದರೂ ಅವರ ಲೆಕ್ಕ 134ಕ್ಕೆ ಬರುತ್ತದೆ, ಮೂರು ಕುಡಿದ ಅಣ್ಣನಿಗಿಂತ ಹೆಚ್ಚು.

ಎರಡನೆಯದು: ಹೊರಹೋಗುವ ದಾರಿ ಎಷ್ಟು ಅಗಲ?

ಬೆಳಗಿನ ಹೊತ್ತು ದಾದರಿನಲ್ಲಿ ಲೋಕಲ್ ಇಳಿದವರಿಗೆ ಇದು ಚೆನ್ನಾಗಿ ಗೊತ್ತು. ಪ್ಲಾಟ್‌ಫಾರ್ಮಿನ ಮೇಲೆ ಇನ್ನೂರು ಜನ ಇರಲಿ, ಎರಡು ಸಾವಿರ ಇರಲಿ, ಸೇತುವೆಯ ಮೆಟ್ಟಿಲು ಒಂದು ನಿಮಿಷಕ್ಕೆ ಎಷ್ಟು ಜನರನ್ನು ಹತ್ತಿಸಬಹುದೋ ಅಷ್ಟೇ ಹತ್ತಿಸುತ್ತದೆ. ಹಿಂದಿನವರು ಎಷ್ಟು ತಳ್ಳಿದರೂ ಮೆಟ್ಟಿಲು ಅಗಲವಾಗುವುದಿಲ್ಲ.

ಮೈಯಲ್ಲಿ ಆ ಮೆಟ್ಟಿಲು ಲಿವರ್. ಅದರೊಳಗಿನ ಒಂದು ಕಿಣ್ವ ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಆಗಿ ಮುರಿಯುತ್ತದೆ, ಇನ್ನೊಂದು ಕಿಣ್ವ ಅದನ್ನು ನಿರಪಾಯವಾದ ಅಸಿಟೇಟ್ ಮಾಡುತ್ತದೆ. ಮೊದಲ ಕಿಣ್ವ ಒಂದೆರಡು ಪೆಗ್ಗಿಗೇ ತುಂಬಿಹೋಗುತ್ತದೆ. ಅಲ್ಲಿಂದ ಮುಂದೆ ರಕ್ತದಲ್ಲಿ ಎಷ್ಟೇ ಮದ್ಯ ಕಾದು ನಿಂತಿರಲಿ, ಅದರ ವೇಗ ಬದಲಾಗುವುದಿಲ್ಲ. ಹೆಚ್ಚಿನವರಲ್ಲಿ ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಯುತ್ತದೆ. ನಿಧಾನದ ಲಿವರಿನವರಲ್ಲಿ 10, ಚುರುಕಿನವರಲ್ಲಿ 20. ಅಣ್ಣನ ತೂಕಕ್ಕೆ ಇದು ಗಂಟೆಗೆ 7 ಗ್ರಾಂ ಚಿಲ್ಲರೆ. ಹಾಗಾಗಿ ಒಂದೇ ಒಂದು ಲಾರ್ಜನ್ನು ಪೂರ್ತಿ ತೊಳೆಯಲು ಸುಮಾರು ಎರಡೂಮುಕ್ಕಾಲು ಗಂಟೆ ಬೇಕು. “ಗಂಟೆಗೊಂದು ಪೆಗ್ ಆದರೆ ಏನೂ ಆಗಲ್ಲ” ಎನ್ನುವ ಮಾತು ಎಲ್ಲಿಂದ ಬಂತೋ, 60 ಮಿಲಿಯ ಪೆಗ್ಗಿಗಂತೂ ಅದು ಹೊಂದುವುದಿಲ್ಲ.

ಇನ್ನು ಗಡಿಯಾರ ಹಿಡಿದು ನೋಡೋಣ. ಎಂಟು ಗಂಟೆಯಿಂದ ಎಣಿಸಿದರೆ ರಾತ್ರಿ ಹನ್ನೆರಡಕ್ಕೆ ಅಣ್ಣನಲ್ಲಿ ಇನ್ನೂ 65 ಮಿಲಿಗ್ರಾಂ ಇದೆ, ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. 30ಕ್ಕೆ ಇಳಿಯುವುದು ಎರಡೂ ಇಪ್ಪತ್ತರ ಸುಮಾರಿಗೆ, ಸೊನ್ನೆಗೆ ನಾಲ್ಕೂ ಇಪ್ಪತ್ತಕ್ಕೆ. ಗಂಟೆಗೆ 10ರ ಲಿವರ್ ಆಗಿದ್ದರೆ 30ಕ್ಕೆ ಬರುವಷ್ಟರಲ್ಲಿ ಬೆಳಗಿನ ಐದೂವರೆ, ಸೊನ್ನೆಗೆ ಎಂಟೂವರೆ. ಹೊರಡುವ ಮುಂಚೆ “ಇದೊಂದು ಕೊನೇದು” ಎಂದು ನಾಲ್ಕನೆಯದನ್ನು ಏರಿಸಿದ್ದರೆ, ಅದೇ ನಿಧಾನದ ಲಿವರಿಗೆ ಸೊನ್ನೆಯಾಗುವುದು ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ. ರಾತ್ರಿ ನಿದ್ದೆ ಮಾಡಿ, ಬೆಳಗ್ಗೆ ಏಳಕ್ಕೆ ಸ್ನಾನ ಮುಗಿಸಿ ಹಣೆಗೆ ಗಂಧ ಇಟ್ಟು ಹೊರಟವರೂ ನಾಕಾಬಂದಿಯಲ್ಲಿ ಸಿಕ್ಕಿಬೀಳುವುದು ಹೀಗೆ. ನೆನಪಿರಲಿ, ಇದು ಅಂದಾಜು ಲೆಕ್ಕ. ಯಾಕೆ ಕಾಯಬೇಕು ಎಂದು ತಿಳಿಯಲು ಇದು ಸಾಕು, “ಈಗ ಓಡಿಸಬಹುದು” ಎಂದು ತೀರ್ಮಾನಿಸಲು ಸಾಲದು.

ಈಗ ಕಾಫಿಯ ವಿಚಾರ

ಕೆಫೀನ್ ಲಿವರಿನ ಆ ಕಿಣ್ವವನ್ನು ಚುರುಕುಗೊಳಿಸುವುದಿಲ್ಲ. ಅದು ಕೆಲಸ ಮಾಡುವುದು ಮಿದುಳಿನಲ್ಲಿ. ದಣಿವಾದಾಗ “ಸಾಕು, ಮಲಗು” ಎಂದು ಸೂಚಿಸುವ ಅಡಿನೋಸಿನ್ ಎಂಬ ವಸ್ತು ಅಂಟಿಕೊಳ್ಳುವ ಜಾಗಗಳಲ್ಲಿ ಕೆಫೀನ್ ತಾನೇ ಹೋಗಿ ಕೂರುತ್ತದೆ. ಜೋಂಪು ಹಾರಿಹೋಗುತ್ತದೆ, ಕಣ್ಣು ತೆರೆಯುತ್ತದೆ. ಆದರೆ ಬ್ರೇಕ್ ಒತ್ತಲು ಆಗುವ ತಡ, ಪಕ್ಕದಿಂದ ಬರುವ ಬೈಕಿನ ದೂರ ಅಳೆಯುವಲ್ಲಿ ಆಗುವ ತಪ್ಪು, “ನನಗೇನೂ ಆಗಿಲ್ಲ” ಎಂಬ ಧೈರ್ಯ, ಇವೆಲ್ಲ ಮದ್ಯದ ಕೆಲಸ. ಅವು ಹಾಗೇ ಉಳಿಯುತ್ತವೆ.

ನನ್ನ ಲೆಕ್ಕದಲ್ಲಿ ಮೂರು ಉಪಾಯಗಳ ಪೈಕಿ ಹೆಚ್ಚು ಹಾನಿ ಮಾಡುವುದು ಕಾಫಿಯೇ. ಕಾಫಿ ಇಲ್ಲದಿದ್ದರೆ ಅಣ್ಣ ಸೋಫಾದ ಮೇಲೇ ನಿದ್ದೆ ಹೋಗುತ್ತಿದ್ದರು. ಕಾಫಿ ಕುಡಿದದ್ದರಿಂದ ಎದ್ದು ಕಾರಿನ ಕೀಲಿ ಹುಡುಕುತ್ತಾರೆ. ರಕ್ತದಲ್ಲಿ 65 ಇದ್ದದ್ದು 65 ಆಗಿಯೇ ಇದೆ, ನಿದ್ದೆ ಬರುತ್ತಿದ್ದ ಕುಡುಕ ಎಚ್ಚರವಿರುವ ಕುಡುಕ ಆಗಿದ್ದಾನೆ, ಅಷ್ಟೇ.

ತಣ್ಣೀರು, ತಂಗಾಳಿ

ತಣ್ಣೀರು ಚರ್ಮಕ್ಕೆ ತಾಗಿದಾಗ ಮೈ ಬೆಚ್ಚುತ್ತದೆ, ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ. ಎರಡು ನಿಮಿಷದ ಆ ಎಚ್ಚರವನ್ನೇ ಅಮಲು ಇಳಿದದ್ದು ಎಂದು ನೋಡುವವರು ತಿಳಿಯುತ್ತಾರೆ. ಲಿವರಿಗೆ ಆ ನೀರಿನ ಸುದ್ದಿಯೇ ತಲುಪಿರುವುದಿಲ್ಲ. ಮೇಲಾಗಿ ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಯ ಬಿಸಿಯನ್ನು ಹೊರಬಿಡುತ್ತಿರುತ್ತದೆ. ಹೊರಗೆ ಬೆಚ್ಚಗೆ ಅನ್ನಿಸುತ್ತದೆ, ಒಳಗೆ ತಣ್ಣಗಾಗುತ್ತಿರುತ್ತದೆ. ಅದರ ಮೇಲೆ ತಣ್ಣೀರು ಸುರಿದರೆ ಇನ್ನಷ್ಟು ಬಿಸಿ ಹೋಗುತ್ತದೆ. ಮುಂಬಯಿಯ ಸೆಕೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯ ನೆಲದ್ದು. ಒದ್ದೆ ಟೈಲ್ಸ್, ಇಕ್ಕಟ್ಟಾದ ಬಚ್ಚಲು, ನಿಲ್ಲಲಾಗದ ಕಾಲು. ಜಾರಿ ನಲ್ಲಿಗೆ ತಲೆ ಬಡಿದುಕೊಂಡು ಮಂಕಾದವರನ್ನು “ಕುಡಿದಿದ್ದಾನೆ, ಮಲಗಲಿ ಬಿಡಿ” ಎಂದು ಬಿಡುವುದೇ ಇದರಲ್ಲಿ ತೀರಾ ಕೆಟ್ಟದ್ದು.

ಗಾಳಿಯದ್ದು ಚಿಕ್ಕ ಕಥೆ. ಉಸಿರು, ಬೆವರು, ಮೂತ್ರ ಮೂರೂ ಸೇರಿ ಹೊರಹಾಕುವ ಮದ್ಯ ಒಟ್ಟಿನ ಹತ್ತರಲ್ಲಿ ಒಂದು ಪಾಲನ್ನೂ ದಾಟುವುದು ಅಪರೂಪ. ಉಳಿದದ್ದೆಲ್ಲ ಲಿವರಿನ ಪಾಲಿಗೆ. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಮೂರು ಗಂಟೆ ಕೂತವರಿಗೆ ಕೊಂಚ ಇಳಿದಂತಾದರೆ, ಇಳಿಸಿದ್ದು ಆ ಮೂರು ಗಂಟೆ, ಸಮುದ್ರದ ಗಾಳಿಯಲ್ಲ. ಏಲಕ್ಕಿ, ಪಾನ್‌ಗಳಿಂದಲೂ ಪ್ರಯೋಜನವಿಲ್ಲ. ಪೊಲೀಸರ ಯಂತ್ರ ಅಳೆಯುವುದು ಬಾಯಿಯ ವಾಸನೆಯನ್ನಲ್ಲ, ಶ್ವಾಸಕೋಶದ ಆಳದಿಂದ ಬರುವ ಮದ್ಯದ ಆವಿಯನ್ನು. ಮಜ್ಜಿಗೆ, ಲಿಂಬೆರಸ, ಸೋಲ್ ಕಢಿ ನಾಲಿಗೆಗೆ ಹಿತ, ಬಾಯಾರಿಕೆಗೂ ಒಳ್ಳೆಯದು, ಅಷ್ಟಕ್ಕೇ ಸರಿ. ಊಟವನ್ನು ಕುಡಿಯುವ ಮುಂಚೆ ಮಾಡಿದ್ದರೆ ಮದ್ಯ ಕರುಳಿಗೆ ನಿಧಾನವಾಗಿ ಇಳಿಯುತ್ತಿತ್ತು. ರಕ್ತಕ್ಕೆ ಸೇರಿದ ಮೇಲೆ ತಿಂದ ಬಿರಿಯಾನಿ ಅದನ್ನು ಹೀರಿಕೊಳ್ಳುವುದಿಲ್ಲ.

ಹಾಗಾದರೆ ಮಾಡಬೇಕಾದ್ದು

ಮೊದಲು ಕಾರಿನ ಕೀಲಿ ತೆಗೆದಿಡಿ. ರಿಕ್ಷಾ, ಟ್ಯಾಕ್ಸಿ ಸಿಗದಿದ್ದರೆ ಅಲ್ಲೇ ಮಲಗಿಸಿ. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು.

ಮಲಗಿಸುವುದು ಅಂಗಾತ ಅಲ್ಲ. ಒಂದು ಮಗ್ಗುಲಿಗೆ ತಿರುಗಿಸಿ, ಮೇಲಿನ ಕಾಲನ್ನು ಮೊಣಕಾಲಿನಲ್ಲಿ ಮಡಚಿ ಮುಂದಕ್ಕಿಡಿ, ಮೇಲಿನ ಕೈಯನ್ನು ಕೆನ್ನೆಯ ಕೆಳಗೆ ಕೊಡಿ. ಮುಖ ಸ್ವಲ್ಪ ನೆಲದ ಕಡೆ ಇರಲಿ. ವಾಂತಿಯಾದರೆ ಅದು ಹೊರಗೆ ಹೋಗುತ್ತದೆ, ಶ್ವಾಸನಾಳಕ್ಕೆ ಇಳಿಯುವುದಿಲ್ಲ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ರಕ್ತಕ್ಕೆ ಹೋದದ್ದು ವಾಪಸು ಬರುವುದಿಲ್ಲ, ಅರೆಪ್ರಜ್ಞೆಯಲ್ಲಿರುವವರಿಗೆ ಉಸಿರು ಕಟ್ಟುವ ಅಪಾಯ ಮಾತ್ರ ಬರುತ್ತದೆ.

ಮಲಗಿಸಿ ಬಾಗಿಲು ಹಾಕಿಕೊಂಡು ಬರಬೇಡಿ. ಕೊನೆಯ ಗುಟುಕಿನ ಮದ್ಯ ರಕ್ತಕ್ಕೆ ಪೂರ್ತಿ ಸೇರಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಹಿಡಿಯಬಹುದು. ಅವಸರದಲ್ಲಿ ಹೆಚ್ಚು ಏರಿಸಿದವರ ಸ್ಥಿತಿ ನಿದ್ದೆಗೆ ಜಾರಿದ ಮೇಲೂ ಕೆಡುತ್ತಾ ಹೋಗುವುದುಂಟು. ಆಗಾಗ ಹೆಸರು ಹಿಡಿದು ಕರೆದು, ಭುಜ ಅಲುಗಿಸಿ ನೋಡಿ. ಗೊಣಗಿದರೆ, ಕೈ ತಳ್ಳಿದರೆ ಸರಿ. ಒಂದು ನಿಮಿಷ ಉಸಿರು ಎಣಿಸಿ. ಎಂಟಕ್ಕಿಂತ ಕಡಿಮೆ ಇದ್ದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವು ಬಿದ್ದರೆ, ತುಟಿ ನೀಲಿಯಾದರೆ, ಮೈ ತಣ್ಣಗಾದರೆ, ಎಷ್ಟು ಅಲುಗಿಸಿದರೂ ಎಚ್ಚರವಾಗದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಬಿದ್ದು ತಲೆಗೆ ಪೆಟ್ಟಾಗಿದ್ದರೆ ಈ ಲಕ್ಷಣಗಳಿಗಾಗಿ ಕಾಯುವುದೇ ಬೇಡ.

ಸಕ್ಕರೆ ಕಾಯಿಲೆಯವರಲ್ಲಿ ಇನ್ನೊಂದು ಮೋಸವಿದೆ. ಲಿವರ್ ಮದ್ಯ ತೊಳೆಯುತ್ತಿರುವಾಗ ಹೊಸದಾಗಿ ಸಕ್ಕರೆ ತಯಾರಿಸುವ ಅದರ ಕೆಲಸ ಹಿಂದೆ ಬೀಳುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಕುಡಿದವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ತೊದಲು, ಬೆವರು, ತೂರಾಟ ಎಲ್ಲವೂ ಕುಡಿತದ ಹಾಗೇ ಕಾಣುತ್ತವೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದು, ನುಂಗುವಷ್ಟು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಸಾಗಿಸಿ.

ಆಂಬ್ಯುಲೆನ್ಸ್ ಬಂದಾಗ ಹೇಳಬೇಕಾದ್ದು ಇಷ್ಟು: ಏನು ಕುಡಿದರು, ಎಷ್ಟು, ಕೊನೆಯದು ಎಷ್ಟು ಗಂಟೆಗೆ, ಯಾವ ಮಾತ್ರೆಗಳ ಮೇಲಿದ್ದಾರೆ, ಎಲ್ಲಾದರೂ ಬಿದ್ದರೇ. ಬಾಟಲಿಯನ್ನೂ ಮಾತ್ರೆಯ ಪಟ್ಟಿಯನ್ನೂ ಜೊತೆಗೇ ಕಳುಹಿಸಿ.