ಲಸ್ಸಿಯಿಂದ ಮಜ್ಜಿಗೆಯವರೆಗೆ: ಒಂದು ಗ್ಲಾಸಿನ ಲೆಕ್ಕ ಹಾಕುವುದು ಹೇಗೆ?

ಲಸ್ಸಿಯಲ್ಲಿ ಪ್ರೋಟೀನ್ ಇದೆ, ಮಜ್ಜಿಗೆ ಬರೀ ನೀರು ಅಂತ ಹೇಳುವವರು ಬಹಳ ಜನ. ಎರಡೂ ಅದೇ ಮೊಸರಿನಿಂದ ಬಂದದ್ದು ಅಲ್ವಾ? ಗ್ಲಾಸಿಗೆ ಎಷ್ಟು ಮೊಸರು ಬಿತ್ತು, ಎಷ್ಟು ಸಕ್ಕರೆ ಬಿತ್ತು ಅನ್ನುವುದರಲ್ಲೇ ವ್ಯತ್ಯಾಸ ಇರುವುದು.

ಮೊದಲು ಅಡುಗೆಮನೆಯ ತಕ್ಕಡಿ ತೆಗೆದುಕೊಳ್ಳಿ. ಖಾಲಿ ಗ್ಲಾಸ್ ಇಟ್ಟು ಸೊನ್ನೆಗೆ ತನ್ನಿ, ಆಮೇಲೆ ಒಂದೊಂದೇ ಹಾಕುತ್ತಾ ತೂಕ ಬರೆದುಕೊಳ್ಳಿ. ಕಡೆದ ಮೇಲೆ ಅಳೆಯಬೇಡಿ. ಲಸ್ಸಿ, ಮಿಲ್ಕ್‌ಶೇಕ್ ಎರಡರಲ್ಲೂ ನೊರೆ ಜಾಸ್ತಿ, ಐಸ್ ಬೇರೆ ಜಾಗ ಹಿಡಿಯುತ್ತದೆ, ಹಾಗಾಗಿ ಗ್ಲಾಸ್ ತುಂಬಿದ್ದರೂ ಒಳಗಿರುವ ಮೊಸರು ಎಷ್ಟು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ.

ಈಗ ಲಸ್ಸಿಯನ್ನೇ ಮಾಡಿ ನೋಡೋಣ. ಟೋನ್ಡ್ ಹಾಲಿನ ಮೊಸರು 100 ಗ್ರಾಂ ಅಂದರೆ ಪ್ರೋಟೀನ್ ಸುಮಾರು 3 ಗ್ರಾಂ, ಕೊಬ್ಬು 3, ಕಾರ್ಬ್ ಅಂದರೆ ಕಾರ್ಬೋಹೈಡ್ರೇಟ್ 5. ಗ್ಲಾಸಿಗೆ 200 ಗ್ರಾಂ ಮೊಸರು, ಸ್ವಲ್ಪ ನೀರು, 20 ಗ್ರಾಂ ಸಕ್ಕರೆ. ಆಗ ಪ್ರೋಟೀನ್ 6, ಕೊಬ್ಬು 6, ಕಾರ್ಬ್ 30. ಒಂದು ಗ್ರಾಂ ಪ್ರೋಟೀನ್ ಅಥವಾ ಕಾರ್ಬ್‌ಗೆ 4 ಕ್ಯಾಲೊರಿ, ಕೊಬ್ಬಿಗೆ 9, ಹಾಗಾಗಿ ಪ್ರೋಟೀನ್, ಕಾರ್ಬ್ ಎರಡನ್ನೂ 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿ: 24, 120, 54. ಹೆಚ್ಚೂ ಕಡಿಮೆ 200 ಕ್ಯಾಲೊರಿ. ಅದರಲ್ಲಿ 80 ಬರೀ ಸಕ್ಕರೆಯದು! ಸಕ್ಕರೆಯನ್ನು ಚಮಚದಲ್ಲಿ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಯಾಕಂದ್ರೆ ಮಟ್ಟಸ ಚಮಚವೂ ಗೋಪುರ ಕಟ್ಟಿದ ಚಮಚವೂ ಒಂದೇ ಅಲ್ಲ.

ಮಜ್ಜಿಗೆಗೆ 75 ಗ್ರಾಂ ಮೊಸರು ಸಾಕು, ಉಳಿದದ್ದು ನೀರು, ಉಪ್ಪು. ಪ್ರೋಟೀನ್ 2 ಗ್ರಾಂ ದಾಟುತ್ತದೆ, ಒಟ್ಟು 45 ಕ್ಯಾಲೊರಿ. ಇಂಥ ಮೂರು ಗ್ಲಾಸ್ ಕುಡಿದರೆ ಒಂದು ಲಸ್ಸಿಯಷ್ಟು ಪ್ರೋಟೀನ್ ಸಿಗುತ್ತದೆ, ಕ್ಯಾಲೊರಿ ಮಾತ್ರ 135. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯಾದರೆ ಕೊಬ್ಬು ಇನ್ನೂ ಕಡಿಮೆ.

ಬಾದಾಮಿ ಹಾಲಿನಲ್ಲಿ ಜನ ಎಡವುವುದು ಬಾದಾಮಿಯ ವಿಷಯದಲ್ಲೇ. 200 ಎಂ.ಎಲ್. ಟೋನ್ಡ್ ಹಾಲು, ನೆನೆಸಿ ಸಿಪ್ಪೆ ಸುಲಿದ 10 ಬಾದಾಮಿ, 15 ಗ್ರಾಂ ಸಕ್ಕರೆ ಅಂದುಕೊಳ್ಳಿ. ಒಟ್ಟು ಪ್ರೋಟೀನ್ ಎಂಟೂವರೆ ಗ್ರಾಂ, ಆದರೆ ಅದರಲ್ಲಿ 6 ಹಾಲಿನದೇ. ಬಾದಾಮಿ ತರುವುದು ಹೆಚ್ಚಾಗಿ ಕೊಬ್ಬು, ಸುಮಾರು 6 ಗ್ರಾಂ. ಹಾಲಿನದೂ ಸೇರಿ ಕೊಬ್ಬು 12, ಕಾರ್ಬ್ 27, ಕ್ಯಾಲೊರಿ 250ರ ಹತ್ತಿರ. ರೆಡಿ ಪುಡಿ ಬಳಸುವವರು ಪ್ಯಾಕೆಟ್ ತಿರುಗಿಸಿ ಪದಾರ್ಥಗಳ ಪಟ್ಟಿ ನೋಡಿ. ತೂಕದಲ್ಲಿ ಜಾಸ್ತಿ ಇರುವುದನ್ನೇ ಮೊದಲು ಬರೆದಿರುತ್ತಾರೆ. ಅಲ್ಲಿ ಸಕ್ಕರೆ ಮೊದಲಿದ್ದರೆ ಅದು ಬಾದಾಮಿ ಪುಡಿಗಿಂತ ಸಕ್ಕರೆ ಪುಡಿಯೇ ಸರಿ.

ಮಿಲ್ಕ್‌ಶೇಕ್: 150 ಎಂ.ಎಲ್. ಹಾಲು, ಸುಲಿದ ಬಾಳೆಹಣ್ಣು 100 ಗ್ರಾಂ, ಸಕ್ಕರೆ 10. ಪ್ರೋಟೀನ್ ಐದೂವರೆ, ಕೊಬ್ಬು ನಾಲ್ಕೂವರೆ, ಕಾರ್ಬ್ 40, ಕ್ಯಾಲೊರಿ ಸುಮಾರು 225. ಹಣ್ಣು ಚೆನ್ನಾಗಿ ಕಳಿತಿದ್ದರೆ ಆ ಸಕ್ಕರೆ ಬೇಕಾಗಿಯೇ ಇಲ್ಲ, 40 ಕ್ಯಾಲೊರಿ ಅಲ್ಲೇ ಉಳಿಯಿತು. ಮೇಲೆ ಒಂದು ಸ್ಕೂಪ್ ಐಸ್‌ಕ್ರೀಮ್ ಬಿದ್ದರೆ ಮಾತ್ರ ಇನ್ನೂ ನೂರರ ಮೇಲೆ ಸೇರಿಸಿಕೊಳ್ಳಿ.